ನೋಟಿಸ್ ಬಂದಂಗಿತ್ತು ಕಣಪ್ಪಾ: ಒಂದೇ ಸಂದೇಶ, ಮೂರು ಧಾಟಿ

ಮಾರ್ಚ್ 2, ಸೋಮವಾರ. ನಮ್ಮ ಫೈನಲ್ ಇಯರ್ ಪ್ರಾಜೆಕ್ಟ್‌ನ ಎರಡನೇ ರಿವ್ಯೂಗೆ ಸರಿಯಾಗಿ ಎರಡು ವಾರ ಉಳಿದಿತ್ತು. ಲೇತ್‌ನ ಸ್ಪಿಂಡಲ್ ಬೇರಿಂಗ್ ಸವೆಯೋಕೆ ಶುರುವಾದಾಗ ಅದರ ವೈಬ್ರೇಶನ್ ಹೇಗೆ ಬದಲಾಗುತ್ತೆ ಅಂತ ಅಳೆಯೋದು ನಮ್ಮ ಪ್ರಾಜೆಕ್ಟ್. ಕಾಲೇಜಿನ ಲ್ಯಾಬ್‌ನಲ್ಲಿರುವ ಲೇತ್ ವಾರಕ್ಕೆ ನಾಲ್ಕು ಗಂಟೆ ಓಡಿದರೆ ಹೆಚ್ಚು, ಅದರ ಬೇರಿಂಗ್ ಸವೆಯೋದು ಯಾವಾಗ? ದಿನವಿಡೀ ಓಡುವ ಹಳೇ ಮೆಷಿನ್ ಒಂದು ಬೇಕಿತ್ತು.

ಜಾಲಹಳ್ಳಿಯಲ್ಲಿ ಅಂಥ ಮೆಷಿನ್‌ಗೆ ಬರವಿಲ್ಲ. 1953ರಲ್ಲಿ ಶುರುವಾದ ಎಚ್‌ಎಂಟಿ ಇಲ್ಲಿ ಕೈಗಡಿಯಾರ ಮಾಡುವ ಮುಂಚೆಯೇ ಲೇತ್ ಮಾಡುತ್ತಿತ್ತು. 1954ರಲ್ಲಿ ಬಿಇಎಲ್ ಬಂತು. ಪಕ್ಕದಲ್ಲೇ ಪೀಣ್ಯ. ಜಾಲಹಳ್ಳಿ ಕ್ರಾಸ್‌ನಿಂದ ಪೀಣ್ಯದ ಕಡೆ ನಡೆದರೆ ಗಲ್ಲಿಗೊಂದು ಸಣ್ಣ ವರ್ಕ್‌ಶಾಪ್ ಸಿಗುತ್ತೆ. ಅದರಲ್ಲೊಂದರ ಮಾಲೀಕರ ನಂಬರ್ ನಮ್ಮ ಟೀಮಿನ ಹುಡುಗನೊಬ್ಬನ ಮಾವನ ಮೂಲಕ ಸಿಕ್ಕಿತು. ವಯಸ್ಸು ಅರವತ್ತರ ಹತ್ತಿರ, ಕನ್ನಡದವರು, ಪರಿಚಯ ಇಲ್ಲ. ಅವರಿಗೆ ವಾಟ್ಸಾಪ್‌ನಲ್ಲಿ ಒಂದು ಸಂದೇಶ ಕಳಿಸಬೇಕಿತ್ತು, ಅಷ್ಟೇ ಕೆಲಸ.

ಕನ್ನಡ ಸಂಘದಲ್ಲಿ ಇರುವವನು ಅಂತ ಬರೆಯುವ ಕೆಲಸ ನನ್ನ ತಲೆಗೆ ಬಂತು. ನಾನು ಬರೆದದ್ದು ಇದು.

ಮೊದಲನೆಯದು: ಕಚೇರಿ ಧಾಟಿ

> ಮಾನ್ಯರೇ,
>
> ವಿಷಯ: ಯೋಜನಾ ಕಾರ್ಯಕ್ಕಾಗಿ ತಮ್ಮ ಘಟಕದಲ್ಲಿ ಯಂತ್ರದ ಕಂಪನ ಮಾಪನ ಕೈಗೊಳ್ಳಲು ಅನುಮತಿ ಕೋರಿ.
>
> ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಯಾಂತ್ರಿಕ ಎಂಜಿನಿಯರಿಂಗ್ ವಿಭಾಗದ ಅಂತಿಮ ವರ್ಷದ ನಾಲ್ವರು ವಿದ್ಯಾರ್ಥಿಗಳಾದ ನಾವು, ನಮ್ಮ ಯೋಜನಾ ಕಾರ್ಯದ ಅಂಗವಾಗಿ ದಿನಾಂಕ 12.03.2026ರ ಗುರುವಾರ ಬೆಳಿಗ್ಗೆ 10.00ರಿಂದ ಮಧ್ಯಾಹ್ನ 1.00 ಗಂಟೆಯವರೆಗೆ ತಮ್ಮ ಘಟಕದ ಒಂದು ಲೇತ್ ಯಂತ್ರದಲ್ಲಿ ಕಂಪನ ಮಾಪನ ಕೈಗೊಳ್ಳಲು ಉದ್ದೇಶಿಸಿರುತ್ತೇವೆ. ಸದರಿ ಮಾಪನವನ್ನು ಯಂತ್ರವು ಕಾರ್ಯನಿರತವಾಗಿರುವಾಗಲೇ ನಡೆಸಲಾಗುವುದು. ಸಂವೇದಕವನ್ನು ಅಳವಡಿಸಲು ಹಾಗೂ ತೆಗೆಯಲು ಮಾತ್ರ ತಲಾ ಐದು ನಿಮಿಷ ಯಂತ್ರವನ್ನು ಸ್ಥಗಿತಗೊಳಿಸಬೇಕಾಗಿರುತ್ತದೆ. ಯಂತ್ರದ ಯಾವುದೇ ಭಾಗವನ್ನು ಬಿಚ್ಚಲಾಗುವುದಿಲ್ಲ. ಆದ್ದರಿಂದ ಸದರಿ ಕಾರ್ಯಕ್ಕೆ ಅನುಮತಿ ನೀಡಿ, ತಮ್ಮ ನಿರ್ಧಾರವನ್ನು ದಿನಾಂಕ 06.03.2026ರೊಳಗಾಗಿ ತಿಳಿಸಬೇಕಾಗಿ ವಿನಂತಿ.
>
> ತಮ್ಮ ವಿಶ್ವಾಸಿಗಳು

ಕಳಿಸಿದೆ. ಎರಡು ನೀಲಿ ಗೆರೆ ಬಂದವು. ಮಂಗಳವಾರ ಉತ್ತರ ಇಲ್ಲ, ಬುಧವಾರ ಇಲ್ಲ, ಗುರುವಾರವೂ ಇಲ್ಲ. ಶುಕ್ರವಾರ ಬೆಳಿಗ್ಗೆ ಧೈರ್ಯ ಮಾಡಿ ಫೋನ್ ಮಾಡಿದೆ. ಅವರಂದರು: “ಓ, ಅದು ನೀವಾ? ಯಾವ್ದೋ ಆಫೀಸಿಂದ ನೋಟಿಸ್ ಬಂದಂಗಿತ್ತು ಕಣಪ್ಪಾ. ನೋಡಿ ಹೇಳಿ ಅಂತ ನಮ್ಮ ಆಡಿಟರ್‌ಗೆ ಫಾರ್ವರ್ಡ್ ಮಾಡಿದೀನಿ.”

ನಮ್ಮ ನಾಲ್ಕು ದಿನ ಹೋಗಿದ್ದು ಆಡಿಟರ್‌ರ ಫೋನಿನಲ್ಲಿ.

ಪತ್ರದಲ್ಲಿ ವ್ಯಾಕರಣದ ತಪ್ಪಿರಲಿಲ್ಲ. ಬೇಕಾದ ವಿವರ ಎಲ್ಲವೂ ಇತ್ತು. ಗೌರವವೂ ಇತ್ತು ಅಂತ ನಾನು ಅಂದುಕೊಂಡಿದ್ದೆ, “ತಮ್ಮ” ಅಂತ ನಾಲ್ಕು ಸಲ ಬರೆದಿದ್ದೆನಲ್ಲ. ಆದರೆ ಅವರ ಕಡೆಯಿಂದ ಓದಿ ನೋಡಿ. “ಸದರಿ”, “ಮೇಲ್ಕಂಡ”, “ನಡೆಸಲಾಗುವುದು”, “ದಿನಾಂಕ ... ರೊಳಗಾಗಿ”. ಈ ಪದಗಳು ಅವರ ವರ್ಕ್‌ಶಾಪ್‌ಗೆ ಇದುವರೆಗೆ ಬಂದಿದ್ದು ತೆರಿಗೆ, ಲೈಸೆನ್ಸ್, ಕರೆಂಟ್ ಬಾಕಿಯ ಕಾಗದಗಳಲ್ಲಿ ಮಾತ್ರ. “ನಡೆಸಲಾಗುವುದು” ಅಂದಾಗ ಯಾರು ನಡೆಸ್ತಾರೆ ಅಂತ ವಾಕ್ಯ ಹೇಳೋದೇ ಇಲ್ಲ. ಕೇಳುವವರು ನಾಲ್ಕು ಹುಡುಗರು ಅನ್ನೋದು ಮರೆಯಾಗಿ, ಯಾವುದೋ ಇಲಾಖೆ ಬಂದು ಏನೋ ಮಾಪನ ಮಾಡುತ್ತೆ ಅನ್ನಿಸುತ್ತೆ. ಅದರ ಮೇಲೆ, ವಿಷಯದ ಸಾಲು ಬಿಟ್ಟರೆ ನಮಗೆ ಬೇಕಾಗಿದ್ದ ಅನುಮತಿಯ ಮಾತು ಬರೋದು ಕೊನೆಯ ವಾಕ್ಯದಲ್ಲಿ. ಕೈಯಲ್ಲಿ ಎಣ್ಣೆ ಮೆತ್ತಿಕೊಂಡು ಫೋನ್ ನೋಡುವವರು ಅಲ್ಲಿಯವರೆಗೆ ಯಾಕೆ ಓದಬೇಕು?

ಎರಡನೆಯದು: ಸಲುಗೆಯ ಧಾಟಿ

ಟೀಮಿನ ಇನ್ನೊಬ್ಬ “ನಿನ್ನ ಗ್ರಾಂಥಿಕ ಕನ್ನಡದಿಂದ ಕೆಲಸ ಕೆಟ್ಟಿತು, ಕೊಡು ಇಲ್ಲಿ” ಅಂತ ಫೋನ್ ಕಿತ್ಕೊಂಡು ಟೈಪ್ ಮಾಡಿದ:

> ಅಣ್ಣಾ ನಮಸ್ಕಾರ! ಪ್ರಾಜೆಕ್ಟ್‌ಗೆ ಒಂದು ಲೇತ್ ಬೇಕಿತ್ತು, ನೆಕ್ಸ್ಟ್ ವೀಕ್ ಒಂದ್ ಮೂರು ಗಂಟೆ ಅಷ್ಟೇ. ನಾವ್ ನಾಲ್ಕ್ ಜನ ಬಂದು ವೈಬ್ರೇಶನ್ ನೋಡ್ಕೊಂಡ್ ಹೋಗ್ತೀವಿ. ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ ಅಣ್ಣಾ, ಪ್ಲೀಸ್!

ಓದೋಕೆ ಸಲೀಸು. ಕೇಳುವವರು ಹುಡುಗರು ಅಂತ ಮೊದಲ ಪದದಲ್ಲೇ ಗೊತ್ತಾಗುತ್ತೆ. ಕಳಿಸುವ ಮುಂಚೆ ನಮ್ಮ ಸೀನಿಯರ್ ಒಬ್ಬರಿಗೆ ತೋರಿಸಿದೆವು. ಅವರು ಅದೇ ವರ್ಕ್‌ಶಾಪ್‌ನಲ್ಲಿ ಸಿಎನ್‌ಸಿ ಪ್ರೋಗ್ರಾಮಿಂಗ್ ಮಾಡ್ತಾರೆ. ಅವರು ಕೇಳಿದ್ದು ಒಂದೇ ಪ್ರಶ್ನೆ: “ಮೂರು ಗಂಟೆ ಲೇತ್ ಖಾಲಿ ಬಿಡ್ಬೇಕಾ? ಜಾಬ್ ಇರೋ ಮೆಷಿನ್ ಕಣ್ರೋ ಅದು, ಯಾರು ಬಿಟ್ಟುಕೊಡ್ತಾರೆ?”

ನಮಗೆ ಖಾಲಿ ಮೆಷಿನ್ ಬೇಕಾಗಿರಲೇ ಇಲ್ಲ. ಬೇರಿಂಗ್ ಮೇಲೆ ಭಾರ ಬಿದ್ದಾಗಿನ ರೀಡಿಂಗ್ ಬೇಕು, ಅಂದರೆ ಅವರದೇ ಜಾಬ್ ಓಡುತ್ತಿರಬೇಕು. ಸೆನ್ಸರ್ ಬೆಂಕಿಪೊಟ್ಟಣದಷ್ಟು ದೊಡ್ಡದು. ತಳದಲ್ಲಿ ಅಯಸ್ಕಾಂತ ಇದೆ, ಹೆಡ್‌ಸ್ಟಾಕ್ ಮೇಲೆ ಸ್ಪಿಂಡಲ್ ಬೇರಿಂಗ್ ಹತ್ತಿರ ಅಂಟಿಸಿದರೆ ಆಯಿತು. ಅಂಟಿಸುವಾಗ, ತೆಗೆಯುವಾಗ ಮಾತ್ರ ಮೆಷಿನ್ ನಿಂತಿರಬೇಕು. ಕಚೇರಿ ಧಾಟಿಯ ಪತ್ರದಲ್ಲಿ ಇದು ಎರಡು ವಾಕ್ಯದಲ್ಲಿ ಇತ್ತು. ಸಲುಗೆಯ ಸಂದೇಶದಲ್ಲಿ ಅದು ಬಿದ್ದುಹೋಗಿ, “ಲೇತ್ ಬೇಕಿತ್ತು, ಮೂರು ಗಂಟೆ” ಅನ್ನೋದಷ್ಟೇ ಉಳಿದಿತ್ತು. ದಿನಾಂಕವೂ ಹೋಗಿತ್ತು, “ನೆಕ್ಸ್ಟ್ ವೀಕ್” ಅಂದರೆ ಯಾವ ದಿನ? ಏನನ್ನೂ ಬಿಚ್ಚಲ್ಲ ಅನ್ನೋ ಭರವಸೆಯೂ ಹೋಗಿತ್ತು.

ಸಲುಗೆಯಲ್ಲಿ ಬರೆಯುವಾಗ ಹೀಗೆ ಆಗೋದು ಸಹಜ. ಗೆಳೆಯರ ಜೊತೆ ಮಾತಾಡುವಾಗ ಅರ್ಧ ವಿಷಯ ಇಬ್ಬರಿಗೂ ಮೊದಲೇ ಗೊತ್ತಿರುತ್ತೆ, ಉಳಿದಿದ್ದನ್ನು ಎದುರಿಗಿರುವವರು ಕೇಳಿ ತಿಳ್ಕೊಳ್ತಾರೆ. ಪರಿಚಯವೇ ಇಲ್ಲದವರಿಗೆ ಹಾಗೆ ಬರೆದರೆ ಬಿಟ್ಟುಹೋದ ಜಾಗವನ್ನು ಅವರು ತಮಗೆ ತೋಚಿದ ಹಾಗೆ ತುಂಬಿಕೊಳ್ತಾರೆ.

“ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ” ಅನ್ನೋದರಲ್ಲೂ ಒಂದು ತೊಡಕಿದೆ. ಬಸ್ಸಿನಲ್ಲಿ ಪಕ್ಕ ಕೂತವರಿಗೆ ಹೇಳಬಹುದಾದ ಮಾತು ಅದು, ಯಾಕಂದರೆ ಅಲ್ಲಿ ಇಬ್ಬರದೂ ಸಮಪಾಲು. ಇಲ್ಲಿ ಜಾಗ ಅವರದು, ಮೆಷಿನ್ ಅವರದು, ನಷ್ಟವಾದರೂ ಅವರದೇ. ಒಪ್ಪುವ ಮುಂಚೆಯೇ ಒಪ್ಪಿದ್ದಾರೆ ಅಂತ ಲೆಕ್ಕ ಹಾಕಿದ ಹಾಗಿತ್ತು.

ಮೂರನೆಯದು: ನಡುಧಾಟಿ

ಕೊನೆಗೆ ನಾಲ್ವರೂ ಕೂತು, ಮೊದಲು ಸಂದೇಶದಲ್ಲಿ ಏನೇನು ಇರಲೇಬೇಕು ಅಂತ ಒಂದು ಚೀಟಿಯಲ್ಲಿ ಬರೆದೆವು: ಯಾರು, ಯಾವಾಗ, ಏನು ಮಾಡ್ತೀವಿ, ಅವರು ಏನು ಕೊಡಬೇಕು, ಏನು ಮಾಡಲ್ಲ, ಯಾವಾಗ ಉತ್ತರ ಬೇಕು. ಈ ಆರು ಯಾವ ಧಾಟಿಯಲ್ಲೂ ಬದಲಾಗಬಾರದು. ಆಮೇಲೆ ಬರೆದದ್ದು ಇದು:

> ನಮಸ್ಕಾರ ಸರ್. ಬೆಳಿಗ್ಗೆ ಫೋನ್‌ನಲ್ಲಿ ಮಾತಾಡಿದ ಎಂಜಿನಿಯರಿಂಗ್ ವಿದ್ಯಾರ್ಥಿ ನಾನು. ಬರುವ ಗುರುವಾರ, ಮಾರ್ಚ್ 12, ಬೆಳಿಗ್ಗೆ 10ರಿಂದ 1ರವರೆಗೆ ನಾವು ನಾಲ್ಕು ಜನ ನಿಮ್ಮ ವರ್ಕ್‌ಶಾಪ್‌ಗೆ ಬಂದು ಒಂದು ಲೇತ್‌ನ ವೈಬ್ರೇಶನ್ ಅಳೆಯಬಹುದಾ?
>
> ನಿಮ್ಮ ಕೆಲಸ ನಿಲ್ಲಿಸಬೇಕಾಗಿಲ್ಲ, ಮೆಷಿನ್ ಓಡುತ್ತಿರುವಾಗಲೇ ಅಳೆಯುತ್ತೇವೆ. ಸೆನ್ಸರ್ ಅಂಟಿಸುವಾಗ ಐದು ನಿಮಿಷ, ತೆಗೆಯುವಾಗ ಐದು ನಿಮಿಷ ಮಾತ್ರ ನಿಲ್ಲಿಸಿಕೊಡಬೇಕು. ಏನನ್ನೂ ಬಿಚ್ಚುವುದಿಲ್ಲ.
>
> ಆ ದಿನ ಆಗದಿದ್ದರೆ ನಿಮಗೆ ಅನುಕೂಲವಾದ ದಿನ ಹೇಳಿ, ಬರುತ್ತೇವೆ. ಮಂಗಳವಾರದೊಳಗೆ ತಿಳಿಸಿದರೆ ಕಾಲೇಜಿನಲ್ಲಿ ಅನುಮತಿ ತೆಗೆದುಕೊಳ್ಳಲು ಸಮಯ ಸಿಗುತ್ತೆ.

ಹತ್ತು ನಿಮಿಷದಲ್ಲಿ ಉತ್ತರ ಬಂತು: “ಬನ್ನಿ. 11ರ ಮೇಲೆ ಲೋಡಿಂಗ್ ಇರುತ್ತೆ, 9ಕ್ಕೇ ಬನ್ನಿ. ಶೂ ಹಾಕ್ಕೊಂಡು ಬನ್ನಿ.”

ಇದರ ಭಾಷೆ ನೋಡಿ. “ಅಳೆಯುತ್ತೇವೆ”, “ಬಿಚ್ಚುವುದಿಲ್ಲ” ಬರವಣಿಗೆಯ ರೂಪಗಳು. “ಅಳೆಯಬಹುದಾ”, “ಸಿಗುತ್ತೆ” ಮಾತಿನ ರೂಪಗಳು. ಎರಡೂ ಪಕ್ಕಪಕ್ಕ ಕೂತಿವೆ, ಯಾವುದೂ ಕಿವಿಗೆ ಚುಚ್ಚೋದಿಲ್ಲ. ಅದೇ ಜಾಗದಲ್ಲಿ “ಅಳೆಯಬಹುದೇ” ಅಂತ ಬರೆದಿದ್ದರೆ ಪ್ರಶ್ನೆಪತ್ರಿಕೆಯ ಧಾಟಿ ಬರುತ್ತಿತ್ತು. ಪ್ರಶ್ನೆಯ ಕೊನೆಗೆ ಏ ಬದಲು ಆ ಬಂದರೆ ಸಾಕು, ಬರವಣಿಗೆ ಮಾತಿನ ಹತ್ತಿರ ಬರುತ್ತೆ. ಇನ್ನು “ಲೇತ್, ವೈಬ್ರೇಶನ್, ಸೆನ್ಸರ್” ಅನ್ನೋದು ವರ್ಕ್‌ಶಾಪ್‌ನವರೇ ಆಡುವ ಮಾತು. ಅವರ ಮಟ್ಟಿಗೆ “ಸಂವೇದಕ” ಹೊಸ ಪದ, ಅದನ್ನು ಬರೆದರೆ ಗೌರವ ಹೆಚ್ಚಾಗೋದಿಲ್ಲ, ಅರ್ಥ ಕಡಿಮೆಯಾಗುತ್ತೆ.

ಎರಡು ಗುಂಡಿ, ಒಂದಲ್ಲ

ನಾನು ಮಾಡಿದ ಮೂಲ ತಪ್ಪು ಯಾವುದು ಅಂತ ಆಮೇಲೆ ಹೊಳೆಯಿತು. ಗೌರವ ಹೆಚ್ಚು ಬೇಕಾದರೆ ಔಪಚಾರಿಕತೆ ಹೆಚ್ಚಿಸಬೇಕು ಅಂದುಕೊಂಡಿದ್ದೆ. ಕನ್ನಡದಲ್ಲಿ ಇವೆರಡೂ ಆಂಪ್ಲಿಫೈಯರ್‌ನ ವಾಲ್ಯೂಮ್ ಮತ್ತು ಬೇಸ್ ಥರ, ಬೇರೆಬೇರೆ ಗುಂಡಿಗಳು.

ಗೌರವದ ಗುಂಡಿ ಇರೋದು ಸರ್ವನಾಮ ಮತ್ತು ಕ್ರಿಯಾಪದದ ಕೊನೆಯಲ್ಲಿ: ನೀನು ಹೇಳು, ನೀವು ಹೇಳಿ, ತಾವು ಹೇಳಬೇಕು. ಔಪಚಾರಿಕತೆಯ ಗುಂಡಿ ಇರೋದು ಪದಗಳ ಆಯ್ಕೆಯಲ್ಲಿ ಮತ್ತು ವಾಕ್ಯದ ಕಟ್ಟಿನಲ್ಲಿ. ಒಂದೇ ವಿಷಯ ಮೂರು ಧಾಟಿಯಲ್ಲಿ ಹೇಗೆ ಬದಲಾಗುತ್ತೆ ಅಂತ ಕೆಳಗೆ ನೋಡಿ.

| ಕಚೇರಿ ಧಾಟಿ | ನಡುಧಾಟಿ | ಸಲುಗೆ |
|---|---|---|
| ಮಾಪನ ಕೈಗೊಳ್ಳಲಾಗುವುದು | ಅಳೆಯುತ್ತೇವೆ | ಅಳೀತೀವಿ |
| ಅನುಮತಿ ನೀಡಬೇಕಾಗಿ ವಿನಂತಿ | ಬರಬಹುದಾ? | ಬರ್ಲಾ? |
| ದಿನಾಂಕ 10.03.2026ರೊಳಗಾಗಿ ತಿಳಿಸುವುದು | ಮಂಗಳವಾರದೊಳಗೆ ತಿಳಿಸಿ | ಮಂಗಳವಾರದೊಳ್ಗೆ ಹೇಳ್ಬಿಡಿ |

ಕೊನೆಯ ಸಾಲು ಮತ್ತೆ ನೋಡಿ. “ತಿಳಿಸುವುದು” ತುಂಬಾ ಔಪಚಾರಿಕ, ಆದರೆ ಅದರಲ್ಲಿ ಗೌರವದ ಗುರುತೇ ಇಲ್ಲ. ಆದೇಶ ಹೊರಡಿಸುವ ರೂಪ ಅದು. “ಹೇಳ್ಬಿಡಿ” ಪೂರ್ತಿ ಆಡುಮಾತು, ಆದರೂ “ಡಿ” ಅನ್ನುವ ಕೊನೆಯಲ್ಲಿ ನೀವು ಅನ್ನೋ ಗೌರವ ಉಳಿದಿದೆ. ಅಂದರೆ ಔಪಚಾರಿಕವಾಗಿದ್ದೂ ಗೌರವವಿಲ್ಲದೆ ಬರೆಯಬಹುದು, ಸಲುಗೆಯಲ್ಲಿದ್ದೂ ಗೌರವ ಇಟ್ಟುಕೊಳ್ಳಬಹುದು. ವರ್ಕ್‌ಶಾಪ್ ಮಾಲೀಕರಿಗೆ ಬೇಕಾಗಿದ್ದು ಗೌರವ ಪೂರ್ತಿ, ಔಪಚಾರಿಕತೆ ಅರ್ಧ. ನಾನು ಎರಡನ್ನೂ ಪೂರ್ತಿ ತಿರುಗಿಸಿದ್ದೆ.

ಗೌರವದ ಗುಂಡಿಯಲ್ಲಿ ಎರಡು ಕಡೆ ನಾವು ಎಡವುತ್ತೇವೆ. ಒಂದು, “ತಾವು” ಅಂತ ಶುರುಮಾಡಿ ಮುಂದಿನ ಸಾಲಿನಲ್ಲಿ “ನಿಮ್ಮ” ಅನ್ನೋದು. ಕ್ರಿಯಾಪದ ಹಲವು ಕಡೆ ಎರಡಕ್ಕೂ ಒಂದೇ ಆಗಿರುವುದರಿಂದ ಬರೆಯುವವರಿಗೆ ಗೊತ್ತಾಗೋದಿಲ್ಲ, ಓದುವವರಿಗೆ ಗೊತ್ತಾಗುತ್ತೆ. ಪತ್ರ ಮುಗಿದ ಮೇಲೆ “ತಮ್ಮ” ಮತ್ತು “ನಿಮ್ಮ” ಎರಡನ್ನೂ ಹುಡುಕಿ ನೋಡಿ, ಒಂದೇ ಉಳಿಯಬೇಕು.

ಇನ್ನೊಂದು, ಊರಿನ ವ್ಯತ್ಯಾಸ. ನಮ್ಮ ಟೀಮಿನ ಹುಬ್ಬಳ್ಳಿ ಹುಡುಗ ಎಲ್ಲರಿಗೂ “ಹೇಳ್ರೀ”, “ಬರ್ರೀ” ಅಂತಾನೆ. ಅವನ ಊರಿನಲ್ಲಿ ಆ “ರೀ” ಶುದ್ಧ ಗೌರವ. ಬೆಂಗಳೂರಿನ ಕಿವಿಗೆ, ಅದರಲ್ಲೂ ಬರಹದಲ್ಲಿ ದನಿ ಕೇಳಿಸದಿದ್ದಾಗ, “ಏನ್ರೀ” ಜಗಳಕ್ಕೆ ಬಂದ ಹಾಗೆ ಅನ್ನಿಸೋದುಂಟು. ಅವನು ಮಾತಾಡುವಾಗ ತೊಂದರೆಯಿಲ್ಲ, ಮುಖ ನೋಡಿದರೆ ಗೊತ್ತಾಗುತ್ತೆ. ಬರೆಯುವಾಗ ಮಾತ್ರ “ಹೇಳಿ”, “ಬನ್ನಿ” ಅಂತ ಬರೀ ಅಂದೆವು. ನಡುಧಾಟಿಯ ಒಂದು ಉಪಯೋಗವೇ ಇದು: ಹುಬ್ಬಳ್ಳಿ, ಮಂಗಳೂರು, ಮೈಸೂರು, ಎಲ್ಲಿಯವರು ಓದಿದರೂ ಒಂದೇ ಥರ ಕೇಳಿಸುತ್ತೆ.

ಹಾಗಾದರೆ ಕಚೇರಿ ಧಾಟಿ ಯಾರಿಗೆ?

ಮೊದಲ ಪತ್ರ ವ್ಯರ್ಥವಾಗಲಿಲ್ಲ. ಶುಕ್ರವಾರ ಮಧ್ಯಾಹ್ನವೇ ಅದನ್ನು ನಮ್ಮ ವಿಭಾಗದ ಮುಖ್ಯಸ್ಥರಿಗೆ ಕೊಟ್ಟೆವು. ವಿಳಾಸ ಬದಲಾಯಿತು, “ತಮ್ಮ ಘಟಕದಲ್ಲಿ” ಇದ್ದಲ್ಲಿ ವರ್ಕ್‌ಶಾಪ್‌ನ ಹೆಸರು ಬಂತು, ಕೊನೆಯ ವಾಕ್ಯ ಕಾಲೇಜಿನಿಂದ ಹೊರಗೆ ಹೋಗಲು ಅನುಮತಿ ಕೇಳುವಂತಾಯಿತು. ಉಳಿದಿದ್ದೆಲ್ಲ ಹಾಗೇ. ಅಲ್ಲಿ ಅದು ಸಲೀಸಾಗಿ ನಡೆಯಿತು.

ಮುಖ್ಯಸ್ಥರನ್ನು ನಾವು ದಿನಾ ನೋಡ್ತೀವಿ, ಕಾರಿಡಾರ್‌ನಲ್ಲಿ ಕನ್ನಡದಲ್ಲೇ ಹರಟೆ ಹೊಡೀತೀವಿ. ಹಾಗಿದ್ದೂ ಪತ್ರ ಯಾಕೆ? ಯಾಕಂದರೆ ಆ ಪತ್ರ ಓದುವವರು ಅವರೊಬ್ಬರೇ ಅಲ್ಲ. ಅವರು ಸಹಿ ಹಾಕಿದ ಮೇಲೆ ಆಫೀಸಿನ ಗುಮಾಸ್ತರು ಓದ್ತಾರೆ, ಅಟೆಂಡೆನ್ಸ್ ಹಾಕುವ ಮೇಡಂ ಓದ್ತಾರೆ, ಆಮೇಲೆ ಅದು ಫೈಲ್ ಸೇರುತ್ತೆ. ವರ್ಕ್‌ಶಾಪ್‌ನಲ್ಲಿ ಯಾರ ಕೈಗಾದರೂ ಪೆಟ್ಟಾದರೆ ಆ ಫೈಲ್ ತೆಗೀತಾರೆ. ನಮ್ಮ ಮುಖ ನೋಡದವರು, ಆ ಸಂದರ್ಭ ಗೊತ್ತಿಲ್ಲದವರು ಓದುವ ಬರಹ ಅದು. ಅಲ್ಲಿ “ಬರುವ ಗುರುವಾರ” ನಡೆಯೋದಿಲ್ಲ, 12.03.2026 ಅಂತಲೇ ಇರಬೇಕು. “ವಿಷಯ” ಅನ್ನೋ ಸಾಲು ಇರೋದು ಗುಮಾಸ್ತರು ಅದನ್ನು ಯಾವ ಫೈಲಿಗೆ ಹಾಕಬೇಕು ಅಂತ ಒಂದು ನೋಟದಲ್ಲಿ ತಿಳಿಯಲಿ ಅಂತ.

1963ರ ಕಾಯ್ದೆಯಿಂದ ಕನ್ನಡ ನಮ್ಮ ರಾಜ್ಯದ ಆಡಳಿತ ಭಾಷೆಯಾಯಿತು. ಇಂಗ್ಲಿಷ್ ಫೈಲುಗಳಲ್ಲಿ ನಡೆಯುತ್ತಿದ್ದ ಕೆಲಸವನ್ನು ಕನ್ನಡದಲ್ಲಿ ಮಾಡಬೇಕಾದಾಗ ಆ ಫೈಲುಗಳ ವಾಕ್ಯದ ಕಟ್ಟೂ ಜೊತೆಗೆ ಬಂತು. “ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ” ಅನ್ನೋದು ಆ ಜಾತಿಯದು. ಮನುಷ್ಯರ ನಡುವಿನ ಮಾತಾಗಿ ಅದು ಒರಟು, ಫೈಲಿನಿಂದ ಫೈಲಿಗೆ ಹೋಗುವ ಮಾತಾಗಿ ಅಚ್ಚುಕಟ್ಟು. ಹಾಗಂತ “ಸದರಿ”, “ಉದ್ದೇಶಿಸಿರುತ್ತೇವೆ” ಎಲ್ಲವೂ ಬೇಕೇ ಬೇಕು ಅಂತಲ್ಲ. ಮುಖ್ಯಸ್ಥರಿಗೆ ಕೊಡುವ ಮುಂಚೆ “ಸದರಿ ಮಾಪನವನ್ನು” ಅನ್ನೋದನ್ನು “ಈ ಮಾಪನವನ್ನು” ಅಂತ ಮಾಡಿದೆವು, “ಉದ್ದೇಶಿಸಿರುತ್ತೇವೆ” ಬದಲು “ಉದ್ದೇಶಿಸಿದ್ದೇವೆ” ಅಂತ ಬರೆದೆವು. ಪತ್ರದ ಘನತೆ ಒಂದಿಷ್ಟೂ ಕಡಿಮೆಯಾಗಲಿಲ್ಲ.

ಸಲುಗೆಯ ಧಾಟಿಗೂ ಅದರ ಓದುಗರು ಸಿಕ್ಕಿದರು, ಅದೇ ಸೀನಿಯರ್. ಅವರಿಗೆ ಕಳಿಸಿದ್ದು:

> ಅಣ್ಣಾ, 12ನೇ ತಾರೀಖು ಗುರುವಾರ ನಾವ್ ನಾಲ್ಕೂ ಜನ 9ಕ್ಕೆ ಬರ್ತಿದೀವಿ, ಯಜಮಾನ್ರು ಓಕೆ ಅಂದಿದಾರೆ. ಲೇತ್ ಖಾಲಿ ಬೇಡ, ಜಾಬ್ ಓಡ್ತಿರ್ಲಿ. ಸೆನ್ಸರ್ ಅಂಟ್ಸೋಕೆ, ತೆಗ್ಯೋಕೆ ಐದೈದು ನಿಮಿಷ ನಿಲ್ಸಿದ್ರೆ ಸಾಕು, ಏನೂ ಬಿಚ್ಚಲ್ಲ. ಆಪರೇಟರ್‌ಗೆ ಒಂದ್ ಮಾತು ಹೇಳಿಡ್ತೀರಾ? ನಾಳೆ ಒಳ್ಗೆ ಹೇಳಿ.

ಪೂರ್ತಿ ಆಡುಮಾತು, ಆದರೆ ಚೀಟಿಯಲ್ಲಿದ್ದ ಆರೂ ಅಂಶ ಇವೆ. ಸಲುಗೆಯ ಸಂದೇಶ ಸರಿಯಿದೆಯಾ ಅಂತ ನೋಡುವ ಪರೀಕ್ಷೆ ಇದೇ: ಅದರಿಂದ ಕಚೇರಿ ಧಾಟಿಯ ಪತ್ರವನ್ನು ಮತ್ತೆ ಬರೆಯೋಕೆ ಆಗುತ್ತಾ? ಆಗದಿದ್ದರೆ ಏನೋ ಬಿದ್ದುಹೋಗಿದೆ.

ಆರಿಸುವುದು ಹೇಗೆ

ಮೂರು ಪ್ರಶ್ನೆ ಕೇಳಿಕೊಂಡರೆ ಸಾಕು. ಇದನ್ನು ನಾನು ಅಂದುಕೊಂಡವರ ನಂತರ ಇನ್ನು ಯಾರು ಓದ್ತಾರೆ? ಓದುವಾಗ ಅವರ ಕೈಯಲ್ಲಿ ಏನಿರುತ್ತೆ, ಫೈಲಾ, ಫೋನಾ, ಸ್ಪ್ಯಾನರಾ? ಅರ್ಥವಾಗದಿದ್ದರೆ ವಾಪಸ್ ನನ್ನನ್ನೇ ಕೇಳುವಷ್ಟು ಪರಿಚಯ ಇದೆಯಾ? ಬರಹ ದಾಖಲೆಯಾಗುವುದಾದರೆ ಕಚೇರಿ ಧಾಟಿ. ಕೇಳುವಷ್ಟು ಪರಿಚಯ ಇದ್ದರೆ ಸಲುಗೆ. ಉಳಿದ ಎಲ್ಲರಿಗೂ, ಅಂದರೆ ನಮಗೆ ದಿನಾ ಎದುರಾಗುವ ಹೆಚ್ಚಿನವರಿಗೆ, ನಡುಧಾಟಿ.

ಅನುಮಾನವಿದ್ದರೆ ನಡುವಿನಿಂದಲೇ ಶುರುಮಾಡಿ, ಉತ್ತರ ಬಂದ ಮೇಲೆ ಅದರ ಧಾಟಿಗೆ ಹೊಂದಿಕೊಳ್ಳಿ. ಮಾಲೀಕರು “ಶೂ ಹಾಕ್ಕೊಂಡು ಬನ್ನಿ” ಅಂತ ಆಡುಮಾತಿನಲ್ಲಿ ಬರೆದ ಮೇಲೆ ನಾವೂ “ಆಯ್ತು ಸರ್, 9ಕ್ಕೆ ಬರ್ತೀವಿ” ಅಂದೆವು. ಔಪಚಾರಿಕತೆಯನ್ನು ಅವರ ಜೊತೆ ಇಳಿಸಿದೆವು, “ಸರ್” ಮತ್ತು “ನೀವು” ಮಾತ್ರ ಇದ್ದಲ್ಲೇ ಇದ್ದವು. ಹಿರಿಯರು ನಮ್ಮನ್ನು “ಏನಪ್ಪಾ” ಅಂದರೂ ಆ ಗುಂಡಿ ಮುಟ್ಟುವ ಹಕ್ಕು ನಮಗೆ ಬರೋದಿಲ್ಲ.

12ರಂದು ಎರಡು ಗಂಟೆಯಲ್ಲಿ ಕೆಲಸ ಮುಗಿಯಿತು. ಸಿಕ್ಕಿದ್ದು ಹಳೇ ಎಚ್‌ಎಂಟಿ ಲೇತ್. 16ರ ರಿವ್ಯೂಗೆ ಗ್ರಾಫ್ ಸಿದ್ಧವಾಗಿತ್ತು.

ನಿಮಗೊಂದು ಅಭ್ಯಾಸ: ಶನಿವಾರ ಸಂಜೆ 4ರಿಂದ 6ರವರೆಗೆ ಸೆಮಿನಾರ್ ಹಾಲ್ ಬೇಕು, ಪ್ರೊಜೆಕ್ಟರ್ ಬೇಕು, ಮೈಕ್ ಬೇಡ, ಮುಗಿದ ಮೇಲೆ ಕುರ್ಚಿ ನೀವೇ ಜೋಡಿಸ್ತೀರಿ. ಇದನ್ನು ಪ್ರಾಂಶುಪಾಲರಿಗೆ, ಹಾಲ್‌ನ ಬೀಗದ ಕೈ ಇಟ್ಟುಕೊಂಡಿರುವ ಅಟೆಂಡರ್‌ಗೆ, ಪ್ರೊಜೆಕ್ಟರ್ ನೋಡಿಕೊಳ್ಳುವ ಕ್ಲಾಸ್‌ಮೇಟ್‌ಗೆ ಬರೆಯಿರಿ. ಅಟೆಂಡರ್‌ಗೆ ಬರೆಯುವಾಗ ನಿಮ್ಮ ಕೈ “ನೀನು” ಕಡೆ ಹೋಯಿತಾ, “ಸದರಿ” ಕಡೆ ಹೋಯಿತಾ ಅಂತ ಗಮನಿಸಿ. ಎರಡೂ ಅಲ್ಲದ ಜಾಗ ಸಿಕ್ಕರೆ ನಡುಧಾಟಿ ನಿಮಗೆ ಸಿಕ್ಕಿದೆ.